ಹಸುವಲ್ಲ, ಕಪ್ಪೆಯಲ್ಲ

ನವೆಂಬರ್ ತಿಂಗಳ ನಮ್ಮ ಸಮಾರಂಭಗಳಲ್ಲಿ ಪುಟಾಣಿಗಳ ಕಾರ್ಯಕ್ರಮವೆಂಬುದೊಂದು ತಪ್ಪದೆ ಇರುತ್ತದೆ. ಇಂಥದೊಂದು ವೇದಿಕೆಯಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಇಳಕಲ್ ಸೀರೆಯ ಅಂಚಿನ ಲಂಗ ತೊಟ್ಟು ನಿಂತು, ತೆಂಗಿನಕಾಯಿಯ ಮೇಲಿನ ಹಳೆಯ ಒಗಟೊಂದನ್ನು ಹೇಳಿದಳು. ಹೇಳಿದವಳು ಉಸಿರು ಬಿಡದೆ ಉತ್ತರವನ್ನೂ ಹೇಳಿ ಮುಗಿಸಿದಳು. ಸಭಾಗೃಹ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಮನೆಗೆ ಮರಳುವಾಗ ಲೋಕಲ್ ರೈಲಿನಲ್ಲಿ ಕುಳಿತು ಯೋಚಿಸಿದಾಗ, ಆ ಮಗು ಒಗಟು ಹೇಳಲಿಲ್ಲ, ಒಂದು ವಾಕ್ಯವನ್ನು ಒಪ್ಪಿಸಿತು ಎನಿಸಿತು. ಅಲ್ಲಿ ಕೇಳಿಸಿಕೊಂಡವರು ಯಾರೂ ಇರಲಿಲ್ಲ, ಊಹಿಸಿದವರು ಯಾರೂ ಇರಲಿಲ್ಲ. ಒಗಟಿನಿಂದ ಇವೆರಡನ್ನೂ ತೆಗೆದರೆ ಉಳಿಯುವುದೇನು?

ಇದನ್ನು ಆ ಮಗುವಿನ ಮೇಲಾಗಲಿ ಅದರ ತಾಯಿಯ ಮೇಲಾಗಲಿ ದೂರಾಗಿ ಹೇಳುತ್ತಿಲ್ಲ. ಶಾಲೆಗೆ ಹೋಗುವ ಮುನ್ನಿನ ವಯಸ್ಸಿನ ಮಕ್ಕಳಿಗೆ ಎಂಥ ಒಗಟು ಹೇಳಬೇಕು ಎಂಬುದರಲ್ಲಿ ಹೊರನಾಡಿನ ನಾವು ಹಿರಿಯರೇ ದಾರಿ ತಪ್ಪಿದ್ದೇವೆ ಎಂಬುದು ನನ್ನ ವಾದ. ನಮ್ಮ ಹಳೆಯ ಒಗಟುಗಳು, ಉತ್ತರ ಕರ್ನಾಟಕದ ಕಡೆಯ ಒಡಪುಗಳು, ಮೂರು ನಾಲ್ಕು ವರ್ಷದವರಿಗಾಗಿ ಹುಟ್ಟಿದವಲ್ಲ. ಅವು ಒಂದು ವಸ್ತುವನ್ನು ಮತ್ತೊಂದರ ವೇಷ ತೊಡಿಸಿ ನಿಲ್ಲಿಸುತ್ತವೆ. ಮೊಟ್ಟೆ ಮನೆಯಾಗುತ್ತದೆ, ಹಣ್ಣು ರಾಜನಾಗುತ್ತದೆ, ಬೀಜಗಳು ಒಡಹುಟ್ಟಿದವರಾಗುತ್ತವೆ. ಅಮೆರಿಕದ ಜಾನಪದ ವಿದ್ವಾಂಸ ಆರ್ಚರ್ ಟೇಲರ್ 1951ರಲ್ಲಿ ಪ್ರಕಟಿಸಿದ ತಮ್ಮ ಒಗಟುಗಳ ಸಂಕಲನದಲ್ಲಿ ನಿಜವಾದ ಒಗಟಿನ ಲಕ್ಷಣವನ್ನು ಗುರುತಿಸಿದ್ದೂ ಹೀಗೆಯೇ: ಒಂದನ್ನು ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದರಂತೆ ಬಣ್ಣಿಸುವುದು. ಬಾಗಿಲಿಲ್ಲದ ಮನೆ ಎಂದಾಗ ದೊಡ್ಡವರು ‘ಇದು ಮನೆಯಲ್ಲ’ ಎಂದು ತಟ್ಟನೆ ತಿಳಿದುಕೊಳ್ಳುತ್ತಾರೆ. ನಾಲ್ಕು ವರ್ಷದ ಮಗು ಮನೆಯನ್ನೇ ಹುಡುಕುತ್ತದೆ. ಅದು ಹುಡುಕುವುದರಲ್ಲಿ ತಪ್ಪೇನೂ ಇಲ್ಲ. ನಾವು ಮನೆ ಎಂದೇ ಹೇಳಿದ್ದೇವಲ್ಲ. ಆಗ ಬಾಯಿಪಾಠವೊಂದೇ ದಾರಿಯಾಗುತ್ತದೆ. ಅಂಥ ಒಗಟುಗಳಿಗೆ ಆರೇಳು ವರ್ಷದ ತನಕ ಕಾಯುವುದರಿಂದ ಪರಂಪರೆಗೆ ಯಾವ ನಷ್ಟವೂ ಇಲ್ಲ.

ಹಾಗಾದರೆ ಅದಕ್ಕೂ ಮೊದಲು? ವೇಷವಿಲ್ಲದ ಒಗಟು. ಪ್ರಾಣಿಯನ್ನು ಪ್ರಾಣಿಯಾಗಿಯೇ, ಹಣ್ಣನ್ನು ಹಣ್ಣಾಗಿಯೇ ಬಣ್ಣಿಸಿ, ಹೆಸರನ್ನು ಮಾತ್ರ ಬಚ್ಚಿಡುವ ಒಗಟು. ವಿದ್ವಾಂಸರು ಇದನ್ನು ಒಗಟೆಂದೇ ಲೆಕ್ಕಿಸದಿರಬಹುದು. ನಾನೂ ಬಹುಕಾಲ ಇದನ್ನು ಕೀಳಾಗಿಯೇ ಕಂಡವನು. ನನ್ನ ಅಭಿಪ್ರಾಯ ಬದಲಾದದ್ದು ಮೊಮ್ಮಗನ ಜೊತೆ ಎರಡು ವರ್ಷ ಈ ಆಟ ಆಡಿದ ಮೇಲೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಸೊಸೆ ಮರಾಠಿಯವಳು. ಮಗುವಿನ ಕಿವಿಗೆ ಬೀಳುವ ಕನ್ನಡವೆಂದರೆ ಬಹುಮಟ್ಟಿಗೆ ನನ್ನದು, ನನ್ನ ಹೆಂಡತಿಯದು. ಆ ಕನ್ನಡವನ್ನು ಅವನು ಎಷ್ಟು ಕೇಳಿಸಿಕೊಳ್ಳುತ್ತಿದ್ದಾನೆ ಎಂಬುದು ನನಗೆ ತಿಳಿದದ್ದೇ ಈ ಒಗಟುಗಳಿಂದ.

ಒಂದನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ.

‘ಒಂದು ಪ್ರಾಣಿ ಇದೆ. ಅದು ಹುಲ್ಲು ತಿನ್ನುತ್ತದೆ. ಅದು ಕುಪ್ಪಳಿಸುತ್ತದೆ. ಯಾವುದು?’

ಉತ್ತರ ಮೊಲ. ಎರಡೇ ಸುಳಿವು. ಆದರೆ ಇವನ್ನು ಒಂದೊಂದಾಗಿ ನೋಡಿ. ಹುಲ್ಲು ತಿನ್ನುತ್ತದೆ ಎಂದಷ್ಟೇ ಕೇಳಿದ ಮಗುವಿಗೆ ಮೊದಲು ಹೊಳೆಯುವುದು ಹಸು. ಕುಪ್ಪಳಿಸುತ್ತದೆ ಎಂದಷ್ಟೇ ಕೇಳಿದ ಮಗುವಿಗೆ ಕಪ್ಪೆ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಾಗ ಮಾತ್ರ ಹಸುವೂ ಹೋಗಿ, ಕಪ್ಪೆಯೂ ಹೋಗಿ ಮೊಲ ನಿಲ್ಲುತ್ತದೆ. ಒಳ್ಳೆಯ ಒಗಟಿಗೆ ನನ್ನ ಅಳತೆ ಇದೊಂದೇ: ಪ್ರತಿಯೊಂದು ಸುಳಿವೂ ಬಿಡಿಯಾಗಿ ಬೇರೆ ಉತ್ತರದ ಕಡೆಗೆ ಎಳೆಯಬೇಕು, ಕೂಡಿದಾಗ ಒಂದೇ ಉಳಿಯಬೇಕು. ಹೀಗೆ ಹೆಣೆದ ಒಗಟಿನಲ್ಲಿ ತಪ್ಪು ಉತ್ತರ ಕೂಡ ಮಾತಾಡುತ್ತದೆ. ಮಗು ‘ಕಪ್ಪೆ’ ಎಂದರೆ ಕೊನೆಯ ಮಾತು ಉಳಿದಿದೆ, ಮೊದಲ ಮಾತು ಜಾರಿದೆ. ‘ಹಸು’ ಎಂದರೆ ಮೊದಲ ಸುಳಿವಿಗೇ ಉತ್ತರ ಸಿಕ್ಕಿ, ಕಿವಿ ಅಲ್ಲಿಗೇ ಮುಚ್ಚಿದೆ. ‘ಹುಲಿ’ ಎಂದರೆ ಯಾವುದೂ ತಲುಪಿಲ್ಲ. ಮಗುವಿಗೆ ಹುಲಿ ಇಷ್ಟ, ಅಷ್ಟೆ. ಅಥವಾ ‘ಕುಪ್ಪಳಿಸು’ ಎಂಬ ಪದವೇ ಅದಕ್ಕೆ ಗೊತ್ತಿಲ್ಲದಿರಬಹುದು. ನಮ್ಮ ಮನೆಯಲ್ಲಿ ಆದದ್ದು ಅದೇ. ಅಜ್ಜ ಅರವತ್ತೆಂಟನೆಯ ವಯಸ್ಸಿನಲ್ಲಿ ನಡುಮನೆಯಲ್ಲಿ ಕುಪ್ಪಳಿಸಿ ತೋರಿಸಬೇಕಾಯಿತು.

ಇದಕ್ಕೆ ಎದುರಾಗಿ ನಾವು ಸಾಮಾನ್ಯವಾಗಿ ಹೇಳುವ ಒಗಟನ್ನು ನೋಡಿ: ದೊಡ್ಡ ಮೈ, ಮೊರದಂಥ ಕಿವಿ, ಉದ್ದ ಸೊಂಡಿಲು, ಯಾರು? ಸೊಂಡಿಲು ಎಂದ ಮೇಲೆ ಉಳಿದದ್ದು ಬೇಡವೇ ಬೇಡ. ಮಗು ಆನೆ ಎಂದು ಕೂಗುತ್ತದೆ, ನಾವು ಬೆನ್ನು ತಟ್ಟುತ್ತೇವೆ. ಮೊದಲ ಎರಡು ಮಾತನ್ನು ಅದು ಕೇಳಿತೇ ಇಲ್ಲವೇ ನಮಗೆ ತಿಳಿಯುವುದಿಲ್ಲ. ಹಸುವಿನ ಒಗಟಿನಲ್ಲಿ ‘ಅಂಬಾ’ ಎಂಬುದೂ ಹೀಗೆಯೇ. ಇಂಥ ಸುಳಿವುಗಳು ತೀರಾ ಚಿಕ್ಕವರಿಗೆ, ಎರಡೂವರೆ ಮೂರು ವರ್ಷದವರಿಗೆ, ಆಟದ ರುಚಿ ಹತ್ತಿಸಲು ಒಳ್ಳೆಯವು. ನಾಲ್ಕರ ಹೊತ್ತಿಗೆ ಅವನ್ನು ಕೊನೆಗಿಟ್ಟುಕೊಳ್ಳಬೇಕು, ಸೋತವರಿಗೆ ಕೈಕೊಡುವ ಊರುಗೋಲಿನ ಹಾಗೆ.

ಸುಳಿವುಗಳನ್ನು ಕೂಡಿಸಿ ಯೋಚಿಸುವುದು ಮಕ್ಕಳಿಗೆ ಸಹಜವಾಗಿ ಬರುವುದಿಲ್ಲ. 1966ರಲ್ಲಿ ಮೋಷರ್ ಮತ್ತು ಹಾರ್ನ್ಸ್‌ಬಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು, ಪ್ರಶ್ನೆ ಕೇಳಿ ಕೇಳಿ ವಸ್ತುವನ್ನು ಪತ್ತೆಹಚ್ಚುವ ಆಟವನ್ನು ಮಕ್ಕಳಿಂದ ಆಡಿಸಿ ನೋಡಿದರು. ಆರು ವರ್ಷದವರು ಹೆಚ್ಚಾಗಿ ‘ಇದಾ? ಅದಾ?’ ಎಂದು ಒಂದೊಂದೇ ವಸ್ತುವನ್ನು ಮುಟ್ಟಿ ಕೇಳುತ್ತಿದ್ದರು, ‘ಅದು ತಿನ್ನುವಂಥದ್ದೇ?’ ಎಂದು ಒಂದೇ ಏಟಿಗೆ ಹಲವನ್ನು ಹೊರಗಿಡುವ ಪ್ರಶ್ನೆ ಬಲಿತದ್ದು ಇನ್ನೂ ದೊಡ್ಡವರಲ್ಲಿ. ಆರರವರ ಪಾಡೇ ಇದಾದರೆ ನಾಲ್ಕರವರಿಂದ ಹೆಚ್ಚು ಬಯಸಬಾರದು. ಎರಡು ಸುಳಿವು ಸಾಕು. ಅವು ಸಲೀಸಾಗಿ ಕೂಡಿಕೊಳ್ಳುವುದು ಕಂಡ ಮೇಲೆ ಮೂರನೆಯದು. ನಾಲ್ಕು, ಐದು ಸುಳಿವಿನ ಒಗಟು ಕೇಳುವವರಿಗಿಂತ ಬರೆದವರಿಗೇ ಹೆಚ್ಚು ಸಂತೋಷ ಕೊಡುವಂಥದು.

ತಪ್ಪು ಉತ್ತರ ಬಂದಾಗ ಏನು ಮಾಡುತ್ತೇವೆ ಎಂಬಲ್ಲಿ ಆಟದ ಅರ್ಧ ಬೆಲೆ ಇದೆ. ‘ಅಲ್ಲ, ಇನ್ನೊಂದು ಹೇಳು’ ಎಂದರೆ ಮಗು ಹೆಸರುಗಳ ಪಟ್ಟಿ ಬಿಚ್ಚುತ್ತದೆ: ನಾಯಿ, ಬೆಕ್ಕು, ಕುದುರೆ, ಒಂಟೆ. ಯಾವುದೋ ಒಂದು ತಗಲಿದರೆ ಸರಿ ಎಂಬ ಲಾಟರಿ ಅದು. ನಾನು ಕಲಿತದ್ದು, ಅದರ ಉತ್ತರವನ್ನೇ ಹಿಡಿದುಕೊಂಡು ಹಿಂದಿರುಗುವುದನ್ನು. ‘ಕಪ್ಪೆ ಕುಪ್ಪಳಿಸ್ತದೆ, ಹೌದು ಪುಟ್ಟ. ಆದ್ರೆ ಕಪ್ಪೆ ಹುಲ್ಲು ತಿನ್ತದಾ?’ ಇಷ್ಟು ಹೇಳಿ ಸುಮ್ಮನಾಗುವುದು. ಸುಮ್ಮನಾಗುವುದೇ ಕಷ್ಟದ ಭಾಗ. ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ ಎಂದು ತೋರಿಸಿದರು. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇನ್ನೂ ಹೆಚ್ಚು ಬೇಕು ಎಂಬುದು ನನ್ನ ಅನುಭವ. ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಆ ಹತ್ತರ ಒಳಗೆ ನನ್ನ ಹೆಂಡತಿ ಮೆಲ್ಲಗೆ ‘ಮೊ...’ ಎಂದು ಬಿಡುತ್ತಾಳೆ. ಮನೆಯಲ್ಲಿ ನಡೆಯುವ ಸಣ್ಣ ಜಗಳಗಳಲ್ಲಿ ಇದೂ ಒಂದು.

ಕನ್ನಡದ್ದೇ ಆದ ಒಂದು ತೊಡಕನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ನಿಷೇಧ ಆ ಕ್ರಿಯಾಪದದ ಬಾಲದಲ್ಲಿ ಕೂರುತ್ತದೆ. ‘ಅದಕ್ಕೆ ರೆಕ್ಕೆ ಇದೆ, ಆದರೆ ಮೇಲೆ ಹಾರುವುದಿಲ್ಲ’ ಎಂದು ಹೇಳಿದರೆ, ‘ಹಾರು’ ಎಂಬಲ್ಲಿಗೇ ಮಗು ಕಾಗೆ ಎಂದು ಕೂಗಿರುತ್ತದೆ. ‘ಇಲ್ಲ’ ಎಂಬುದು ಗದ್ದಲದಲ್ಲಿ ಮುಳುಗಿರುತ್ತದೆ. ಆದ್ದರಿಂದ ‘ಇಲ್ಲ’ದ ಸುಳಿವುಗಳನ್ನು ಮೊದಮೊದಲು ಪೂರ್ತಿ ಬಿಟ್ಟುಬಿಡುವುದು ಮೇಲು. ಮುಂದೆ, ಮಗು ವಾಕ್ಯ ಮುಗಿಯುವ ತನಕ ತಾಳುವುದನ್ನು ಕಲಿಯಬೇಕೆಂದಾಗ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ನಾವು ಒಂದು ನಿಯಮ ಮಾಡಿಕೊಂಡೆವು: ಅಜ್ಜ ತೊಡೆಯ ಮೇಲೆ ಕೈ ತಟ್ಟಿದ ಮೇಲೆಯೇ ಉತ್ತರ. ಮೊದಲ ವಾರ ಆ ನಿಯಮ ಮುರಿದದ್ದೇ ಹೆಚ್ಚು. ಆಮೇಲೆ ನಾನು ತಟ್ಟಲು ಮರೆತರೆ ಅವನೇ ನನ್ನ ಕೈ ಹಿಡಿದು ತಟ್ಟಿಸತೊಡಗಿದ.

‘ನಾನು ಯಾರು?’ ಎಂದು ಮುಗಿಯುವ ರೂಪವೂ ಎಲ್ಲರಿಗೂ ಸಲ್ಲುವುದಿಲ್ಲ. ಪುಸ್ತಕಗಳಲ್ಲಿ ಅದೇ ತುಂಬಿದೆ. ‘ನಾನು ಹುಲ್ಲು ತಿನ್ನುತ್ತೇನೆ’ ಎಂದು ನಾನೊಮ್ಮೆ ಶುರುಮಾಡಿದಾಗ ಮೂರು ವರ್ಷದ ಮೊಮ್ಮಗ ಗಂಭೀರವಾಗಿ, ‘ಇಲ್ಲ ಅಜ್ಜ, ನೀನು ಚಪಾತಿ ತಿಂತೀಯ’ ಎಂದು ತಿದ್ದಿದ. ಮಾತಾಡುತ್ತಿರುವವನು ಬೇರೊಬ್ಬನಾಗಿ ಮಾತಾಡಬಲ್ಲ ಎಂಬುದನ್ನು ಒಪ್ಪಿಕೊಳ್ಳಲು ಅವನಿಗೆ ಇನ್ನೊಂದು ವರ್ಷ ಬೇಕಾಯಿತು. ಅಲ್ಲಿಯವರೆಗೆ ‘ಒಂದು ಪ್ರಾಣಿ ಇದೆ’, ‘ಒಂದು ಹಣ್ಣು ಇದೆ’ ಎಂಬ ತೊಡಗಿಕೆಯೇ ಸಾಕು. ಕನ್ನಡದಲ್ಲಿ ಇದರಿಂದ ಇನ್ನೊಂದು ಉಪಕಾರವೂ ಇದೆ: ‘ತಿನ್ನುತ್ತದೆ’ ಎಂಬ ರೂಪವೇ ಮನುಷ್ಯರನ್ನು ಪಕ್ಕಕ್ಕಿಟ್ಟು ಮಗುವನ್ನು ಅರ್ಧ ದಾರಿಗೆ ತಂದು ನಿಲ್ಲಿಸುತ್ತದೆ. ‘ತಿನ್ನುತ್ತೇನೆ’ ಎಂಬುದು ಅದನ್ನು ಮಾಡಲಾರದು.

ಹಣ್ಣಿನ ಒಗಟು ಪ್ರಾಣಿಯ ಒಗಟಿಗಿಂತ ಕಠಿಣ. ಪ್ರಾಣಿಗೆ ನಡಿಗೆ, ಕೂಗು, ಊಟ, ಮನೆ ಎಲ್ಲ ಇವೆ. ಹಣ್ಣು ಸುಮ್ಮನೆ ಕೂತಿರುತ್ತದೆ. ಬಣ್ಣವನ್ನು ನಂಬುವಂತಿಲ್ಲ; ಮಾವು ಹಸಿರೂ ಹೌದು, ಹಳದಿಯೂ ಹೌದು. ಸಿಹಿ ಎಂಬ ಸುಳಿವು ಯಾರನ್ನೂ ಹೊರಗಿಡುವುದಿಲ್ಲ. ಹಣ್ಣಿನಲ್ಲಿ ಕೆಲಸಕ್ಕೆ ಬರುವವು ಸಿಪ್ಪೆ, ಬೀಜ ಮತ್ತು ತಿನ್ನುವ ಬಗೆ: ಕೈಯಿಂದ ಸುಲಿಯುತ್ತೇವೋ, ಚಾಕು ಬೇಕೋ, ಒಂದೇ ಓಟೆಯೋ, ಸಾಸಿವೆಯಂತೆ ಹರಡಿದ ಬೀಜವೋ. ಇದು ತಿಳಿಯಬೇಕಾದರೆ ಹಣ್ಣು ಮಗುವಿನ ಕೈಗೆ ಇಡಿಯಾಗಿ ಬಂದಿರಬೇಕು. ಹೆಚ್ಚಿ ಡಬ್ಬಿಗೆ ಹಾಕಿದ ಪಪಾಯಿಯನ್ನಷ್ಟೇ ಕಂಡ ಮಗುವಿಗೆ ಪಪಾಯಿಯ ಕಪ್ಪು ಬೀಜ ಸುಳಿವಾಗದು. ಆದ್ದರಿಂದ ನಮ್ಮಲ್ಲಿ ಹಣ್ಣಿನ ಒಗಟು ಅಡುಗೆಮನೆಯಲ್ಲಿ, ಹಣ್ಣು ಬಿಡಿಸಿದ ಮರುದಿನ ನಡೆಯುತ್ತದೆ. ಅದೇ ದಿನವಲ್ಲ, ಸಿಪ್ಪೆ ಇನ್ನೂ ಕಣ್ಣೆದುರಿಗೆ ಬಿದ್ದಿರುವಾಗಲಂತೂ ಅಲ್ಲ.

ನಾನು ಉತ್ತರ ಕನ್ನಡದವನು, ಹಲಸಿನ ನೆಲದವನು. ನನ್ನ ನೆಚ್ಚಿನ ಒಗಟು ಹೀಗಿದೆ: ‘ಒಂದು ಹಣ್ಣು ಇದೆ. ಮೈತುಂಬ ಮುಳ್ಳು. ಒಳಗೆ ತೊಳೆ.’ ಮುಳ್ಳು ಎಂದರೆ ಅನಾನಸು, ತೊಳೆ ಎಂದರೆ ಕಿತ್ತಳೆ. ಎರಡೂ ಕೂಡಿದರೆ ಹಲಸು. ಮೊಲದ ಒಗಟಿನ ಅದೇ ಕಟ್ಟು. ಇದನ್ನು ಸೊಸೆ ತನ್ನ ತಂಗಿಯ ಮಗಳಿಗೆ ಮರಾಠಿಯಲ್ಲಿ ಹೇಳಹೊರಟಾಗ ಒಗಟು ಮುರಿದು ಬಿತ್ತು. ಮರಾಠಿಯಲ್ಲಿ ಸಂತ್ರಾಕ್ಕೆ ‘ಫೋಡ್’, ಹಲಸಿಗೆ ‘ಗರಾ’. ಗರಾ ಎಂದೊಡನೆ ಹಲಸು ಹೊರಬಿತ್ತು. ಫೋಡ್ ಎಂದರೆ ಹಲಸು ಉತ್ತರವೇ ಆಗಲಿಲ್ಲ. ಎರಡು ಹಣ್ಣಿನ ಒಳಗನ್ನು ಒಂದೇ ‘ತೊಳೆ’ಯಲ್ಲಿ ಹಿಡಿದಿಟ್ಟ ಕನ್ನಡದಲ್ಲಿ ಮಾತ್ರ ಆ ಒಗಟು ನಿಲ್ಲುತ್ತದೆ. ಕನ್ನಡವನ್ನು ಮಕ್ಕಳಿಗೆ ಯಾಕೆ ಕಲಿಸಬೇಕು ಎಂಬ ದೊಡ್ಡ ಭಾಷಣಗಳನ್ನು ನಾನು ಕೇಳಿದ್ದೇನೆ, ಮಾಡಿಯೂ ಇದ್ದೇನೆ. ಅಂದು ಅಡುಗೆಮನೆಯ ಕಟ್ಟೆಯ ಮೇಲೆ ಆದಷ್ಟು ಸ್ಪಷ್ಟವಾಗಿ ಅದು ನನಗೇ ಎಂದೂ ಕಂಡಿರಲಿಲ್ಲ.

ಅಷ್ಟಾಗಿಯೂ ಭಾಷೆಯ ವಿಷಯದಲ್ಲಿ ನಾನು ಒಮ್ಮೆ ಎಡವಿದ್ದೇನೆ. ಹಸಿರು ಸಿಪ್ಪೆ, ಒಳಗೆ ತುಂಬ ಪುಟ್ಟ ಗಟ್ಟಿ ಬೀಜ, ಉಪ್ಪು ಖಾರ ಹಚ್ಚಿ ತಿನ್ನುತ್ತೇವೆ ಎಂದು ಹೇಳಿದಾಗ ಮೊಮ್ಮಗ ಥಟ್ಟನೆ ‘ಪೇರೂ!’ ಎಂದ. ನಾನು ‘ಅಲ್ಲ, ಪೇರಳೆ’ ಎಂದೆ. ನನ್ನ ಹೆಂಡತಿ ಧಾರವಾಡದವಳು, ಅವಳು ‘ಪೇರಲ’ ಎಂದಳು. ಮೈಸೂರಿನವರಿದ್ದರೆ ಸೀಬೆ ಎನ್ನುತ್ತಿದ್ದರು. ನಾವಿಬ್ಬರೂ ಹೆಸರಿನ ಮೇಲೆ ವಾದ ಮಾಡುತ್ತಿರುವಾಗ ಮಗು ಎದ್ದು ಹೋಗಿತ್ತು. ಮೂರು ಸುಳಿವನ್ನು ಕನ್ನಡದಲ್ಲಿ ಕೇಳಿ, ಕೂಡಿಸಿ, ಸರಿಯಾದ ಹಣ್ಣನ್ನು ತಲುಪಿದವನಿಗೆ ನಾನು ಹೇಳಿದ್ದು ‘ಅಲ್ಲ’! ಆಮೇಲೆ ಮೂರು ವಾರ ಅವನು ಹಣ್ಣಿನ ಒಗಟಿಗೆ ಬಾಯಿ ಬಿಡಲಿಲ್ಲ. ಪ್ರಾಣಿಗಳಿಗೆ ಉತ್ತರಿಸುತ್ತಿದ್ದ, ಹಣ್ಣು ಎಂದರೆ ‘ನೀನೇ ಹೇಳು’ ಎನ್ನುತ್ತಿದ್ದ.

ಅಂದಿನಿಂದ ನನ್ನ ನಿಲುವು ಇಷ್ಟು: ಒಗಟು ಪರೀಕ್ಷಿಸುವುದು ಕಿವಿಯನ್ನು, ನಾಲಗೆಯನ್ನಲ್ಲ. ಪೇರೂ ಎಂದರೂ ಅಮರೂದ್ ಎಂದರೂ ಗುವಾ ಎಂದರೂ ಉತ್ತರ ಸರಿ. ಸರಿ ಎಂದ ಮೇಲೆ, ‘ಹೌದು, ಪೇರಳೆ!’ ಎಂದು ನಮ್ಮ ಹೆಸರನ್ನು ನಾವು ಹೇಳಿದರಾಯಿತು. ನಮ್ಮ ಬಳಗದ ಕೆಲವು ಹಿರಿಯರು ಇದನ್ನು ಒಪ್ಪುವುದಿಲ್ಲ. ಹೀಗೆ ಬಿಟ್ಟರೆ ಕನ್ನಡ ಉತ್ತರ ಎಂದೂ ಬಾರದು ಎನ್ನುತ್ತಾರೆ. ಅವರ ಆತಂಕ ನನ್ನದೂ ಹೌದು. ಆದರೆ ಬಾಯಿ ಮುಚ್ಚಿದ ಮಗುವಿನಿಂದ ಯಾವ ಭಾಷೆಯ ಉತ್ತರವೂ ಬರುವುದಿಲ್ಲವಲ್ಲ.

ಚಿತ್ರದ ಕಾರ್ಡುಗಳ ಬಗ್ಗೆಯೂ ಒಂದು ಮಾತು. ನಾಲ್ಕು ಚಿತ್ರ ಹರಡಿ ಒಗಟು ಹೇಳಿದರೆ ಮಗು ಕೇಳುವುದನ್ನು ಬಿಟ್ಟು ನೋಡತೊಡಗುತ್ತದೆ. ಅರ್ಧ ಮಾತಿಗೇ ಬೆರಳು ಒಂದರ ಮೇಲೆ ಹೋಗುತ್ತದೆ, ನಮ್ಮ ಮುಖ ಅರಳದಿದ್ದರೆ ಮುಂದಿನದಕ್ಕೆ ಸರಿಯುತ್ತದೆ. ಆದರೆ ಕನ್ನಡ ಮಾತಾಡಲು ಇನ್ನೂ ಹಿಂಜರಿಯುವ ಮಗುವಿಗೆ ಬೆರಳಿನ ಉತ್ತರ ಒಂದು ಆಸರೆ, ಅದನ್ನು ಕಸಿಯಬಾರದು. ಒಗಟು ಹೇಳುವಾಗ ಕಾರ್ಡುಗಳನ್ನು ಕವುಚಿಟ್ಟು, ಹೇಳಿ ಮುಗಿಸಿದ ಮೇಲೆ ತೆರೆದರೆ ಎರಡೂ ಉಳಿಯುತ್ತವೆ. ಊರಿನಲ್ಲಿರುವ ಅಜ್ಜಿಯರಿಗೆ ಇದಕ್ಕಿಂತ ಸುಲಭದ ದಾರಿ ಇದೆ: ವಿಡಿಯೊ ಬೇಡ, ಬರೀ ಫೋನು.

ಸಿದ್ಧ ಒಗಟುಗಳನ್ನು ಎತ್ತಿಕೊಳ್ಳುವವರು ಒಮ್ಮೆ ತಮ್ಮ ಮಗುವಿನ ಲೋಕದಲ್ಲಿ ಅವನ್ನು ಒರೆಗೆ ಹಚ್ಚಬೇಕು. ಎರಡು ಕಾಲು, ರೆಕ್ಕೆ, ಮೊಟ್ಟೆ ಇಡುತ್ತದೆ ಎಂಬ ಒಗಟಿಗೆ ಪುಸ್ತಕದ ಉತ್ತರ ಕೋಳಿ. ಮುಂಬಯಿಯ ಮಗು ‘ಪಾರಿವಾಳ’ ಎನ್ನುತ್ತದೆ, ಕಿಟಕಿಯ ಗ್ರಿಲ್ಲಿನಲ್ಲಿ ಮೊಟ್ಟೆಯಿಟ್ಟದ್ದನ್ನು ಕಣ್ಣಾರೆ ಕಂಡಿದೆ. ಮಗು ಸರಿ, ಒಗಟು ತಪ್ಪು. ಬಾತುಕೋಳಿಯನ್ನು ಮನಸ್ಸಿನಲ್ಲಿಟ್ಟು ‘ರೆಕ್ಕೆ ಇದೆ, ಈಜುತ್ತದೆ’ ಎಂದು ನಾನು ಹೇಳಿದಾಗ ಬಂದ ಉತ್ತರ ಪೆಂಗ್ವಿನ್. 2016ರಲ್ಲಿ ಭಾಯಖಳಾದ ರಾಣಿಬಾಗಿಗೆ ಪೆಂಗ್ವಿನ್‌ಗಳು ಬಂದ ಮೇಲೆ ಇಲ್ಲಿನ ಮಕ್ಕಳಿಗೆ ಬಾತಿಗಿಂತ ಅವೇ ಹತ್ತಿರ. ಒಗಟು ಕಟ್ಟುವ ಮೊದಲು ಮಗುವಿಗೆ ಗೊತ್ತಿರುವ ಪ್ರಾಣಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಪ್ರತಿ ಸುಳಿವಿಗೂ ಯಾರು ಯಾರು ಬೀಳುತ್ತಾರೆ ಎಂದು ಹೊಡೆದು ಹಾಕುತ್ತ ಬಂದರೆ ಇಂಥ ತಪ್ಪು ಮೊದಲೇ ಸಿಗುತ್ತದೆ. ಕೊನೆಗೆ ಇಬ್ಬರು ಉಳಿದರೆ ಇನ್ನೊಂದು ಸುಳಿವು ಬೇಕು. ಮೊದಲ ಸುಳಿವಿಗೇ ಒಬ್ಬರು ಉಳಿದರೆ ಒಗಟೇ ಇಲ್ಲ.

ಮೂರು ವಾರದ ಆ ಮೌನ ಮುರಿದದ್ದು ನನ್ನಿಂದಲ್ಲ. ಒಂದು ಸಂಜೆ ಅವನೇ ನನ್ನೆದುರು ಕೂತು, ತೊಡೆ ತಟ್ಟಿ, ‘ಅಜ್ಜ, ನಾನು ಹೇಳ್ತೀನಿ. ಒಂದು ಹಣ್ಣು ಇದೆ. ಮೇಲೆ ಹಳದಿ ಇದೆ. ಒಳಗೆ ದೊಡ್ಡದು ಬೀಜ ಇದೆ. ಮಾವಿನಹಣ್ಣು ಇದೆ. ಯಾವುದು?’ ಎಂದ. ಉತ್ತರವನ್ನು ಒಗಟಿನೊಳಗೇ ಇಟ್ಟಿದ್ದ. ನವೆಂಬರಿನ ಆ ವೇದಿಕೆಯ ಹುಡುಗಿಯೂ ಇದನ್ನೇ ಮಾಡಿದ್ದಳು. ಆದರೆ ಇವನ ಎರಡು ಸುಳಿವನ್ನು ನೋಡಿ. ಹಳದಿ ಎಂದರೆ ಬಾಳೆಹಣ್ಣು ಆಗಬಹುದು, ದೊಡ್ಡ ಬೀಜ ಅದನ್ನು ಹೊರಗಿಡುತ್ತದೆ. ನಾನು ಹತ್ತರವರೆಗೆ ಎಣಿಸಿ, ‘ಬಾಳೆಹಣ್ಣಾ?’ ಎಂದೆ. ಅವನು ನನ್ನನ್ನು ಕರುಣೆಯಿಂದ ನೋಡಿ, ‘ಬಾಳೆಹಣ್ಣು ಹಳದಿ ಇರ್ತದೆ, ಹೌದು ಅಜ್ಜ. ಆದ್ರೆ ಬೀಜ ಇರ್ತದಾ?’ ಎಂದು ಕೇಳಿ, ಕೈ ಕಟ್ಟಿ ಕಾಯುತ್ತ ಕುಳಿತ.